ತುಂಗಭದ್ರಾ ಡ್ಯಾಮಲ್ಲಿ ಹೂಳು ತುಂಬಿದೆ ಅಂತಾರಲ್ಲ, ಅದನ್ನ ತೆಗೆಸೋಕೆ ಏನ್ ತೊಂದ್ರೆ?

ಮೊದಲನೇ ತೊಂದ್ರೆ ಅಂದ್ರೆ ಅದರ ಪ್ರಮಾಣನೇ. ಡ್ಯಾಮ್ ಕಟ್ಟಿದಾಗ ಸುಮಾರು 133 ಟಿಎಂಸಿ ನೀರು ಹಿಡೀತಿತ್ತು, ಈಗ ಲೆಕ್ಕದಲ್ಲಿರೋದು 105 ಚಿಲ್ಲರೆ. ಒಂದು ಟಿಎಂಸಿ ಅಂದ್ರೆ 2.83 ಕೋಟಿ ಘನ ಮೀಟರ್, ಹಾಗಾಗಿ ಹೋಗಿರೋ 27 ಟಿಎಂಸಿ ಜಾಗದಲ್ಲಿ ಕೂತಿರೋದು 76 ಕೋಟಿ ಘನ ಮೀಟರ್ ಹೂಳು. ಒಂದು ಟಿಪ್ಪರ್‌ಗೆ 10 ಘನ ಮೀಟರ್ ಅಂತ ಹಿಡಿದು ದಿನಕ್ಕೆ 5000 ಲೋಡ್ ಹೊಡೆದ್ರೂ 40 ವರ್ಷಕ್ಕಿಂತ ಹೆಚ್ಚು ಬೇಕು, ಅದೂ ವರ್ಷಪೂರ್ತಿ ಕೆಲಸ ನಡೆದ್ರೆ, ಆದ್ರೆ ನೆಲ ಕಾಣೋದು ಬೇಸಿಗೇಲಿ ಮಾತ್ರ, ಮಳೆಗಾಲ ಬಂತು ಅಂದ್ರೆ ಹೊಸ ಹೂಳು ಬಂದು ಕೂರುತ್ತೆ. ತೆಗೆದಿದ್ದನ್ನ ಹಾಕೋದೆಲ್ಲಿ ಅನ್ನೋದು ಬೇರೆ ಪ್ರಶ್ನೆ. ರೈತರು ಹೊಲಕ್ಕೆ ಹೊಡ್ಕೊಂಡ್ರೆ ಒಳ್ಳೇದೇ, ಆದ್ರೆ ಅದು ಒಂದು ಮೂಲೆಗೂ ಸಾಲಲ್ಲ.

ಗೇಟ್ ತೆಗೆದು ತೊಳ್ಕೊಂಡು ಹೋಗ್ಲಿ ಅಂತ ಕೆಲವರು ಹೇಳ್ತಾರೆ. ಆ 33 ಕ್ರಸ್ಟ್ ಗೇಟ್‌ಗಳು ಮೇಲ್ಗಡೆ ಇರೋದು, ಅಲ್ಲಿಂದ ಹೋಗೋದು ಮೇಲಿನ ನೀರು. ನದಿ ಹಿನ್ನೀರಿಗೆ ಸೇರ್ತಿದ್ದಂಗೆ ವೇಗ ಕಳ್ಕೊಂಡು ಮರಳನ್ನ ಅಲ್ಲೇ, ಡ್ಯಾಮಿಂದ ಎಷ್ಟೋ ಮೈಲಿ ದೂರದಲ್ಲೇ ಬಿಟ್ಟುಬಿಡುತ್ತೆ, ಸಣ್ಣ ಮಣ್ಣು ಮಾತ್ರ ಗೋಡೆ ಹತ್ರ ಬರೋದು. ಅದನ್ನೆಲ್ಲ ಕೊಚ್ಚಿಸ್ಬೇಕಂದ್ರೆ ಜಲಾಶಯ ಖಾಲಿ ಮಾಡಿ ಮಳೆಗಾಲದ ಹರಿವನ್ನ ಹಾಗೇ ಹೊರಗೆ ಬಿಡ್ಬೇಕು. ಆಗ ರಾಯಚೂರು, ಕೊಪ್ಪಳ, ಬಳ್ಳಾರಿ ಕಡೆ ಭತ್ತದ ಗದ್ದೆಗೆ ನೀರೆಲ್ಲಿ, ಕರೆಂಟ್ ಎಲ್ಲಿ? ಈ ಕಾಲುವೆಗಳು ಬರೋಕೆ ಮುಂಚೆ ಅಲ್ಲಿ ಹೆಚ್ಚಿನ ಕಡೆ ಮಳೆ ನಂಬ್ಕೊಂಡ ಹೊಲಗಳೇ ಇದ್ದಿದ್ದು, ಆ ಲಾಭ ಸಣ್ಣದಲ್ಲ.

ಮೇಲೆ ಸಿಕ್ಕಿಬಿದ್ದ ಮಣ್ಣು ಕೆಳಗಿನವರಿಗೆ ಸೇರ್ಬೇಕಾಗಿದ್ದು ಅನ್ನೋದನ್ನ ಯಾರೂ ಹೇಳಲ್ಲ. ಡ್ಯಾಮಿಂದ ಹೊರಗೆ ಬರೋ ತಿಳಿನೀರು ನದಿ ತಳಾನೇ ಕೊರೀತಾ ಹೋಗುತ್ತೆ, ಆಚೆ ಆಂಧ್ರದಲ್ಲಿ ಕೃಷ್ಣಾ ಮುಖಜಭೂಮಿಯ ಕರಾವಳಿ ಸವೀತಿದೆ, ಅದಕ್ಕೆ ತುಂಗಭದ್ರಾ ಒಂದೇ ಅಲ್ಲ, ಶ್ರೀಶೈಲ, ನಾಗಾರ್ಜುನಸಾಗರ ಎಲ್ಲಾ ಸೇರಿ ಮಣ್ಣು ಹಿಡಿದಿರೋದೇ ದೊಡ್ಡ ಕಾರಣ.

ನನಗೆ ತುಂಬಾ ಕಾಡೋದು ಇದು: ಈ 133 ಟಿಎಂಸಿಗಾಗಿ ತೊಂಬತ್ತರಷ್ಟು ಹಳ್ಳಿ ಮುಳುಗಿದ್ವು, ಐವತ್ತು ಸಾವಿರಕ್ಕೂ ಹೆಚ್ಚು ಜನ ಎದ್ದು ಹೋದ್ರು. ನಾರಾಯಣದೇವರಕೆರೆ ಊರೇ ನೀರಾಯ್ತು, ಅಲ್ಲಿಯವರು ಮರಿಯಮ್ಮನಹಳ್ಳಿಗೆ ಬಂದು ಮನೆ ಕಟ್ಕೊಂಡ್ರು. ಅವರು ಬಿಟ್ಟುಕೊಟ್ಟ ಜಾಗದಲ್ಲಿ ಐದನೇ ಒಂದು ಭಾಗ ಈಗ ಮಣ್ಣಾಗಿದೆ, ಆ ನಷ್ಟ ತುಂಬ್ಕೊಳ್ಳೋಕೆ ಕೊಪ್ಪಳ ಜಿಲ್ಲೆ ನವಲಿ ಹತ್ರ ಸಮತೋಲನ ಜಲಾಶಯ ಕಟ್ಬೇಕು ಅಂತಿದ್ದಾರೆ, ಅದಕ್ಕೂ ಸಾವಿರಾರು ಎಕರೆ ಜಮೀನು ಬೇಕು. ಹಾಗಾಗಿ ನವಲಿ ಕಡೆ ರೈತರು ಕೇಳ್ಬೇಕಾದ್ದು ಪರಿಹಾರ ಎಷ್ಟು ಅಂತ ಮಾತ್ರ ಅಲ್ಲ, ತುಂಗಾ, ಭದ್ರಾ, ವರದಾ ಜಲಾನಯನದಲ್ಲಿ ಮಣ್ಣು ಕೊಚ್ಚಿ ಬರೋದನ್ನ ತಡೆಯೋಕೆ ಏನ್ ಮಾಡ್ತೀರಾ ಅಂತಾನೂ ಕೇಳ್ಬೇಕು.