ಮಧ್ಯಸ್ಥಿಕೆಯಲ್ಲಿ ಅರ್ಧ ರಾಜಿಯಾದರೆ ಪತ್ರ ಹೇಗಿರಬೇಕು?

ಪ್ರಶ್ನೆ: ಅಣ್ಣನ ಜೊತೆ ಪಾಲಿನ ದಾವೆ. ಮಧ್ಯಸ್ಥಿಕೆಯಲ್ಲಿ 2 ಎಕರೆ 10 ಗುಂಟೆ ಜಮೀನು ಸಮಪಾಲಿಗೆ ಬಗೆಹರಿಯಿತು, ಬಾವಿ ಬಗೆಹರಿಯಲಿಲ್ಲ. ಪತ್ರದಲ್ಲಿ ಏನು ಬರೆಸಬೇಕು?

ಉತ್ತರ: ಬರೀ ‘ಸಮಪಾಲು’ ಎಂದು ಬರೆಸಿದರೆ ಅಳತೆಯ ದಿನ ಜಗಳ ಮತ್ತೆ ಶುರು. 2 ಎಕರೆ 10 ಗುಂಟೆಯಲ್ಲಿ ಉತ್ತರದ 1 ಎಕರೆ 5 ಗುಂಟೆ ಯಾರದು, ದಕ್ಷಿಣದ್ದು ಯಾರದು ಎಂಬುದು ಸರ್ವೆ ನಂಬರ್, ಚಕ್ಕುಬಂದಿ, ನಕ್ಷೆ ಸಮೇತ ಇರಲಿ.

ಬಾವಿಗೆ ಒಂದೇ ಸಾಲು ಸಾಕು: ‘ಇದು ಇತ್ಯರ್ಥವಾಗಿಲ್ಲ, ಇಷ್ಟಕ್ಕೆ ದಾವೆ ಮುಂದುವರಿಯಲಿ.’ ಯಾರು ಎಷ್ಟಕ್ಕೆ ಇಳಿದಿದ್ದರು ಎಂಬುದನ್ನು ಬರೆಸಬೇಡಿ. ಆ ಮಾತುಕತೆ ಗೌಪ್ಯ.

ಪ್ರತಿ ಪುಟಕ್ಕೂ ಇಬ್ಬರೂ ಸಹಿ ಹಾಕಿ, ಕೊನೆಗೆ ವಕೀಲರು, ಮಧ್ಯಸ್ಥಗಾರರು. ಅಕ್ಕತಂಗಿಯರಿಗೂ ಪಾಲಿದ್ದರೆ ಅವರ ಸಹಿಯಿಲ್ಲದ ರಾಜಿ ಅವರನ್ನು ಕಟ್ಟಿಹಾಕದು. ಹೆಚ್ಚಿನವರು ಎಡವುವುದು ಇಲ್ಲೇ. ನ್ಯಾಯಾಲಯ ಸಿವಿಲ್ ಪ್ರಕ್ರಿಯಾ ಸಂಹಿತೆಯ ಆದೇಶ 23, ನಿಯಮ 3ರಂತೆ ರಾಜಿಯನ್ನು ದಾಖಲಿಸಿ ಡಿಕ್ರಿ ಮಾಡುತ್ತದೆ. ದಾವೆಯಲ್ಲಿಲ್ಲದ ಸೈಟನ್ನೂ ಸೇರಿಸಿದ್ದರೆ ಅದಕ್ಕೆ ನೋಂದಣಿ ಬೇಕಾಗುತ್ತದೆ.