‘ಬೇಜವಾಬ್ದಾರಿ’ ಅನ್ನೋದು ಯಾವ ಕಾಲಂನಲ್ಲಿದೆ?

ಪತ್ರ: ಉದ್ಯಮಬಾಗದ ಒಂದು ಫೌಂಡ್ರಿಯಲ್ಲಿ ನಾನು ಕ್ವಾಲಿಟಿ ಸೂಪರ್‌ವೈಸರ್. ನಮ್ಮ ಟೀಮಿನ ಒಬ್ಬ ಹುಡುಗ ಜೂನ್ 4, 11, 12ರ ಶೀಟ್‌ಗಳಲ್ಲಿ ಬೋರ್, ಅಂದರೆ ಪೀಸಿನ ಒಳತೂತಿನ, ಅಳತೆಯ ಕಾಲಂ ಖಾಲಿ ಬಿಟ್ಟಿದ್ದಾನೆ. ಮೂರೂ ಸೆಕೆಂಡ್ ಶಿಫ್ಟ್. 12ರ ಮಾಲು ಲಾರಿಗೆ ಹೋಗಲಿಲ್ಲ, ಮರುದಿನ 40 ಪೀಸ್ ಮತ್ತೆ ಅಳೆದೆವು. ಎರಕದಲ್ಲಿ ಗಾಳಿ ಸಿಕ್ಕಿ ಆಗುವ ತೂತು, ಬ್ಲೋಹೋಲ್, ಹಿಡಿಯೋದರಲ್ಲಿ ಮಾತ್ರ ಅವನ ಕಣ್ಣು ಚುರುಕು. ‘ನೀನು ಬೇಜವಾಬ್ದಾರಿ, ಯಾವಾಗಲೂ ಅರ್ಧ ಕೆಲಸ, ಮನಸ್ಸಿಟ್ಟು ಮಾಡು’ ಅಂತ ಬರೆದಿಟ್ಟಿದ್ದೇನೆ. ಕೊಡಲಾ?
– ಓದುಗರು, ಬೆಳಗಾವಿ

ಸಂಪಾದಕರ ಉತ್ತರ:

ಕೊಡಬೇಡಿ, ಸಾಹೇಬರೇ. ನಮಗೆ ಬರೆದ ಪತ್ರವೇ ನೀವು ಅವನಿಗೆ ಬರೆದದ್ದಕ್ಕಿಂತ ಚೆನ್ನಾಗಿದೆ. ಅದರಲ್ಲಿ ತಾರೀಖು ಇದೆ, ಕಾಲಂ ಇದೆ, ಪೀಸ್‌ಗಳ ಲೆಕ್ಕ ಇದೆ. ಅವನಿಗೆ ಬರೆಯುವಾಗ ಅದೆಲ್ಲ ಎಲ್ಲಿ ಹೋಯಿತು?

‘ಯಾವಾಗಲೂ’ ಅಂದ ಕೂಡಲೇ ಅವನು ಪೂರ್ತಿ ತುಂಬಿದ ಒಂದು ಶೀಟ್ ತಂದು ಮೇಜಿನ ಮೇಲಿಡುತ್ತಾನೆ, ಅಲ್ಲಿಗೆ ನಿಮ್ಮ ಮಾತು ಸುಳ್ಳಾಯಿತು. ‘ಬೇಜವಾಬ್ದಾರಿ’ಯನ್ನಂತೂ ಯಾವ ಶೀಟಿನಲ್ಲೂ ತೋರಿಸೋಕಾಗಲ್ಲ. ‘ಮನಸ್ಸಿಟ್ಟು ಮಾಡು’ ಅಂದರೆ ನಾಳೆ ಬೆಳಿಗ್ಗೆ ಏನು ಮಾಡಬೇಕು ಅಂತ ಅವನಿಗಾದರೂ ಹೇಗೆ ಗೊತ್ತಾಗಬೇಕು? ನಾನಾಗಿದ್ದರೆ ಹೀಗೆ ಬರೆಯುತ್ತಿದ್ದೆ:

“ಜೂನ್ 4, 11 ಮತ್ತು 12ರ ಸೆಕೆಂಡ್ ಶಿಫ್ಟ್ ಶೀಟ್‌ಗಳಲ್ಲಿ ಬೋರ್ ಅಳತೆ ಇಲ್ಲ. ಹೀಗಾಗಿ 12ರ ಮಾಲು ನಿಂತಿತು, ಮರುದಿನ 40 ಪೀಸ್ ಮತ್ತೆ ಅಳೆಯಬೇಕಾಯಿತು. ಬ್ಲೋಹೋಲ್ ಇದ್ದ ಪೀಸ್‌ಗಳನ್ನು ನೀವು ಸರಿಯಾಗಿ ಹಿಡಿಯುತ್ತೀರಿ, ಆ ಬಗ್ಗೆ ದೂರಿಲ್ಲ. ಅಳತೆ ತೆಗೆಯಲು ಏನು ಅಡ್ಡಿಯಾಯಿತು, ತಿಳಿಸಿ. ಇನ್ನು ಮುಂದೆ ಅಳೆಯಲು ಆಗದಿದ್ದರೆ ಕಾಲಂನಲ್ಲಿ ಕಾರಣ ಬರೆದು, ಶಿಫ್ಟ್ ಮುಗಿಯುವ ಮೊದಲೇ ನನಗೆ ಫೋನ್ ಮಾಡಿ.”

ಶಾಪ್‌ನಲ್ಲಿ ‘ಏ ತಮ್ಮಾ’ ಅಂತ ಕರೆದರೆ ನಡೆಯುತ್ತದೆ, ಕಾಗದದಲ್ಲಿ ‘ನೀವು’ ಇರಲಿ. ಬ್ಲೋಹೋಲ್ ಮಾತು ಹಾಕಿದ್ದು ಸುಮ್ನೆ ಬೆಣ್ಣೆ ಹಚ್ಚೋಕಲ್ಲ. ಅದೂ ನೀವು ಕಣ್ಣಾರೆ ಕಂಡಿದ್ದೇ, ಅದೇ ಕೆಲಸದ್ದೇ. ‘ನೀವು ಬಹಳ ಒಳ್ಳೆಯವರು, ಆದರೆ’ ಅಂತ ಶುರು ಮಾಡಿದರೆ ಅವನು ‘ಆದರೆ’ಗಾಗಿಯೇ ಕಾಯುತ್ತಾ ಕೂರುತ್ತಾನೆ.

ಇನ್ನೊಂದು ವಿಷಯ. ಮೂರೂ ಸೆಕೆಂಡ್ ಶಿಫ್ಟ್ ಯಾಕೆ? ಬೋರ್ ಗೇಜ್ ಒಂದೇ ಇದ್ದು, ಆ ಹೊತ್ತಿಗೆ ಅದು ಮಷೀನ್ ಶಾಪ್‌ಗೆ ಹೋಗಿರುತ್ತದಾ? ಕಾಗದ ಕೊಡುವ ಮುಂಚೆ ಅವನನ್ನು ಒಬ್ಬನನ್ನೇ ಕೂರಿಸಿಕೊಂಡು ಹತ್ತು ನಿಮಿಷ ಕೇಳಿ. ತಪ್ಪು ಗೇಜಿನದಾದರೆ ಕಾಗದ ಹೋಗಬೇಕಾದ್ದು ಅವನಿಗಲ್ಲ, ಸ್ಟೋರ್‌ಗೆ. ಏನೇ ಆಗಲಿ, ವಾಟ್ಸಾಪ್ ಗ್ರೂಪಿನಲ್ಲಿ ಮಾತ್ರ ಹಾಕಬೇಡಿ.

ನನಗೆ ಜಾಸ್ತಿ ಹೆದರಿಕೆ ಬೇರೆಯದರದ್ದು. ಖಾಲಿ ಕಾಲಂ ಕನಿಷ್ಠ ಸುಳ್ಳು ಹೇಳುವುದಿಲ್ಲ. ಬೈಸಿಕೊಂಡ ಹುಡುಗ ಮುಂದಿನ ಸಲ ಅಳೆಯದೆಯೇ ಅಂಕಿ ತುಂಬಿಬಿಟ್ಟರೆ ನಿಮಗೆ ಲಾರಿ ಹೋದ ಮೇಲೆ, ಗಿರಾಕಿಯ ಫೋನ್ ಬಂದಾಗಲೇ ಗೊತ್ತಾಗೋದು. ಕಾಗದ ಕೊಟ್ಟ ಮೇಲೆ ಎರಡು ವಾರ ಅವನ ಶೀಟ್ ನೋಡಿ. ಸಾಲಾಗಿ ಐದು ಪೀಸ್‌ಗೂ ದಶಾಂಶದ ಕೊನೆಯ ಅಂಕಿವರೆಗೆ ಒಂದೇ ಅಳತೆ ಇದ್ದರೆ, ಎರಡು ಪೀಸ್ ಎತ್ತಿಕೊಂಡು ನೀವೇ ಗೇಜ್ ಹಾಕಿ.