ಕೆಲಸ ಒಂದು ಕಡೆ, ಸಂಬಳ ಇನ್ನೊಂದು ಕಡೆ

(ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ.)

ಬಿ.ಕಾಂ ಮುಗಿಸಿದ 23 ವರ್ಷದ ಹುಡುಗಿ, ಜೊತೆಗೆ ಅವಳ ಅಪ್ಪ. ದಾವಣಗೆರೆ ಕಡೆಯವರು, ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು. ಬೆಂಗಳೂರಿನ ದೊಡ್ಡ ಕಂಪನಿಯೊಂದರಲ್ಲಿ ಬಿಲ್ಲುಗಳ ಲೆಕ್ಕ ನೋಡುವ ಕೆಲಸ ಸಿಕ್ಕಿತ್ತು. ಆದರೆ ಆಫರ್ ಲೆಟರ್ ಬಂದಿದ್ದು ಸ್ಟಾಫಿಂಗ್ ಏಜೆನ್ಸಿಯ ಹೆಸರಲ್ಲಿ, ಅಂದರೆ ಜನರನ್ನು ತಾನು ನೇಮಿಸಿಕೊಂಡು ಬೇರೆ ಕಂಪನಿಗಳಿಗೆ ಕೆಲಸಕ್ಕೆ ಕಳಿಸುವ ಸಂಸ್ಥೆ. ಸಾಲದ್ದಕ್ಕೆ ಫೋನಿನಲ್ಲಿ ಮಾತಾಡಿದವನು ‘ವೆರಿಫಿಕೇಶನ್’ಗೆ ಅಂತ 3,500 ರೂಪಾಯಿ ಕೇಳಿದ್ದ.

“ಮೇಡಂ, ಇದು ಮೋಸಾನಾ?” ಎಂದು ಕೇಳಿದಳು.

ಏಜೆನ್ಸಿ ಸಾಚಾ ಹೌದೋ ಅಲ್ಲವೋ ಎಂಬುದು ಬೇರೆ. ಸಾಚಾ ಆಗಿದ್ದರೂ ಈ ಕೆಲಸ ಅವಳು ಅಂದುಕೊಂಡ ಕೆಲಸವೇನಾ ಎಂಬುದು ಬೇರೆ. ಎರಡನ್ನೂ ನೋಡೋಣ ಅಂದೆ.

ಮೊದಲು ಆ 3,500. ಇಂಥ ಏಜೆನ್ಸಿ ತನ್ನ ಲಾಭವನ್ನು ನಮ್ಮ ಸಂಬಳದ ಮೇಲೆ ಸೇರಿಸಿ ಕಂಪನಿಗೆ ಬಿಲ್ ಹಾಕುತ್ತದೆ. ಕೆಲಸಕ್ಕೆ ಸೇರುವವರಿಂದ ಕೇಳಬೇಕಾದ್ದೇ ಇಲ್ಲ. “ಅವನ ನಂಬರಿಗೆ ಮಾಡಬೇಡಮ್ಮ, ಏಜೆನ್ಸಿಯ ವೆಬ್‌ಸೈಟಿನಲ್ಲಿರೋ ಆಫೀಸಿಗೆ ಫೋನ್ ಮಾಡು” ಎಂದೆ. ನನ್ನ ಮುಂದೆಯೇ ಮಾಡಿದಳು. ಆಫರ್ ನಿಜ, ಫೀಸು ಸುಳ್ಳು. ಕಮಿಷನ್ನಿಗೆ ಜನ ಹುಡುಕಿಕೊಡುವ ಮಧ್ಯದವನು ತನ್ನ ಜೇಬಿಗೆ ಕೇಳಿದ್ದ.

ಆಮೇಲೆ ಪಿಎಫ್. ಏಜೆನ್ಸಿಯ ಹಣೆಬರಹ ನೋಡಲು ನನಗೆ ಇದಕ್ಕಿಂತ ಒಳ್ಳೆಯ ಜಾಗ ಗೊತ್ತಿಲ್ಲ. ಪಿಎಫ್ ನೋಡಿಕೊಳ್ಳುವ EPFO ಸೈಟಿನ Establishment Search‌ನಲ್ಲಿ ಸಂಸ್ಥೆಯ ಹೆಸರು ಹಾಕಿದರೆ, ಯಾವ ತಿಂಗಳ ಹಣ ಯಾವ ದಿನ ಕಟ್ಟಿದ್ದಾರೆ, ಎಷ್ಟು ಜನರಿಗೆ ಕಟ್ಟಿದ್ದಾರೆ ಎಲ್ಲ ಕಾಣುತ್ತದೆ. ಲಾಗಿನ್ ಬೇಡ. ಒಂದು ತಿಂಗಳ ಪಿಎಫ್ ಮುಂದಿನ ತಿಂಗಳ 15ರೊಳಗೆ ಕಟ್ಟಬೇಕು. ಇವರು ಇಡೀ ವರ್ಷ 12, 13, 14ನೇ ತಾರೀಖಿಗೇ ಕಟ್ಟಿದ್ದರು. ಎರಡು ಮೂರು ತಿಂಗಳದ್ದು ಒಟ್ಟಿಗೆ ಕಟ್ಟಿದ್ದರೆ, ಅಥವಾ ಜನರ ಸಂಖ್ಯೆ ಇದ್ದಕ್ಕಿದ್ದಂತೆ ಅರ್ಧಕ್ಕೆ ಇಳಿದಿದ್ದರೆ, ಸಂಬಳವೂ ಹಾಗೇ ಎಳೆದಾಡುತ್ತದೆ ಎಂದು ನಾನು ಎಚ್ಚರಿಸುತ್ತಿದ್ದೆ.

ಏಜೆನ್ಸಿ ಪರವಾಗಿಲ್ಲ ಅಂತಾಯಿತು. ಅಪ್ಪನ ಮುಖ ಅರಳಿತು. ನಾನು ಆಫರ್ ಲೆಟರ್ ಬಿಚ್ಚಿದೆ.

“ತಿಂಗಳಿಗೆ 25 ಸಾವಿರ” ಎಂದು ಬಾಯಲ್ಲಿ ಹೇಳಿದ್ದರು. ಕಾಗದದಲ್ಲಿ ಅದು ಸಿಟಿಸಿ, ಅಂದರೆ ಅವಳ ಮೇಲೆ ಆಗುವ ಒಟ್ಟು ಖರ್ಚು. ಬೇಸಿಕ್ 15,000. ಏಜೆನ್ಸಿ ಕಟ್ಟುವ ಪಿಎಫ್ ಅಂತ 1,800, ಕೆಲಸ ಬಿಡುವಾಗ ಕೊಡುವ ಗ್ರಾಚ್ಯುಟಿ ಅಂತ 720 ಆ 25 ಸಾವಿರದೊಳಗೇ ಸೇರಿದೆ. ಉಳಿದ 22,480ರಲ್ಲಿ ಅವಳ ಪಾಲಿನ ಪಿಎಫ್ 1,800 ಮುರಿದರೆ ಕೈಗೆ ಬರುವುದು 20,680. ಪಿಎಫ್ ಎಲ್ಲಿಗೂ ಹೋಗುವುದಿಲ್ಲ, ಅವಳ ಹೆಸರಲ್ಲೇ ಇರುತ್ತದೆ. ಆದರೆ ಆ 720 ನೋಡಿ. ಕರಾರು 11 ತಿಂಗಳದ್ದು. ಹಳೆ ಕಾನೂನಿನಲ್ಲಿ ಗ್ರಾಚ್ಯುಟಿಗೆ ಐದು ವರ್ಷ ಬೇಕಿತ್ತು. ಹೊಸ ಕಾರ್ಮಿಕ ಸಂಹಿತೆಯಲ್ಲಿ ನಿಗದಿತ ಅವಧಿಯ ನೌಕರರಿಗೂ ಒಂದು ವರ್ಷ ತುಂಬಬೇಕು. ಹನ್ನೊಂದಕ್ಕೇ ನಿಂತರೆ ಆ ದುಡ್ಡು ಕಾಗದದ ಮೇಲೇ ಉಳಿಯುತ್ತದೆ. ಅದಕ್ಕೇ “ಕರಾರು ಮುಂದುವರಿದರೆ ಸೇರಿದ ತಾರೀಖು ಮೊದಲಿನದೇ ಇರುತ್ತಾ? ಇಮೇಲಿನಲ್ಲಿ ಬರೆಸಿಕೋ” ಎಂದೆ.

“ಒಂದು ವರ್ಷ ಆದ್ಮೇಲೆ ಕಂಪನಿ ರೋಲ್‌ಗೆ ತಗೋತಾರಂತೆ” ಅಂದರು ಅಪ್ಪ.

“ಲೆಟರಿನಲ್ಲಿ ಎಲ್ಲಿದೆ, ತೋರಿಸಿ ಸಾರ್.” ಇರಲಿಲ್ಲ. ತಗೊಂಡರೆ ಸಂತೋಷ. ತಗೊಳ್ಳದಿದ್ದರೆ ಕೇಳುವ ಹಕ್ಕು ಅವಳಿಗಿಲ್ಲ. ಕಂಪನಿ ಏಜೆನ್ಸಿಯ ಜೊತೆಗಿನ ಒಪ್ಪಂದ ನಿಲ್ಲಿಸಿದ ದಿನ ಅವಳ ಕೆಲಸವೂ ನಿಲ್ಲಬಹುದು, ಅವಳ ತಪ್ಪೇನೂ ಇಲ್ಲದೆ. ಆಗ ಏಜೆನ್ಸಿ ಬೇರೆ ಕಡೆ ಕಳಿಸುವವರೆಗೆ ಸಂಬಳ ಇದೆಯೇ, ನೋಟಿಸ್ ಎಷ್ಟು ದಿನ, ಇದನ್ನೂ ಕೇಳಿಸಿದೆ. ಉತ್ತರ ಬಂತು: ನೋಟಿಸ್ 15 ದಿನ, ಮಧ್ಯದ ಅವಧಿಗೆ ಸಂಬಳ ಇಲ್ಲ.

ದಿನನಿತ್ಯದ ಒಂದು ವ್ಯತ್ಯಾಸವನ್ನೂ ಹೇಳಿದೆ. ಕೆಲಸ ಹೇಳುವವರು ಕಂಪನಿಯ ಮ್ಯಾನೇಜರ್, ಸಂಬಳ ಹಾಕುವವರು ಏಜೆನ್ಸಿ. ಮ್ಯಾನೇಜರ್ ಹಾಜರಿಗೆ ಒಪ್ಪಿಗೆ ಕೊಡುವುದು ತಡವಾದರೆ ಸಂಬಳವೂ ತಡ. ಹಾಜರಿಯ ಸ್ಕ್ರೀನ್‌ಶಾಟ್ ಪ್ರತಿ ತಿಂಗಳೂ ತೆಗೆದಿಟ್ಟುಕೋ ಎಂದೆ. ಏಜೆನ್ಸಿ ಸಂಬಳ ಕೊಡದೇ ಹೋದರೆ ಕೆಲಸ ಮಾಡಿಸಿಕೊಂಡ ಕಂಪನಿಯೇ ಕೊಡಬೇಕು ಎನ್ನುತ್ತದೆ ಗುತ್ತಿಗೆ ಕಾರ್ಮಿಕರ ಕಾನೂನು. ಆ ದಿನ ಬಂದರೆ ಆ ಸ್ಕ್ರೀನ್‌ಶಾಟೇ ಸಾಕ್ಷಿ.

ಸೇರು ಅಂತಲೇ ನನ್ನ ಸಲಹೆ. ಮೊದಲ ಕೆಲಸ, ಕಲಿಯುವುದಿದೆ, ಕೈಯಲ್ಲಿ ಬೇರೆ ಆಫರ್ ಇಲ್ಲ. ಆದರೆ 20,680ಕ್ಕೆ ತಕ್ಕ ಪಿಜಿ ಹುಡುಕು, ಎಂಟನೇ ತಿಂಗಳಿಂದಲೇ ಬೇರೆ ಕಡೆ ಅರ್ಜಿ ಹಾಕಲು ಶುರು ಮಾಡು ಎಂದೆ.

ಎದ್ದು ಹೊರಡುವಾಗ ಅಪ್ಪ ಸ್ವಲ್ಪ ಸಂಕೋಚದಿಂದ ಕೇಳಿದರು: “ಊರಲ್ಲಿ ಯಾವ ಕಂಪನಿ ಅಂತ ಹೇಳೋದು?”

“ನೆಂಟರಿಗೆ ದೊಡ್ಡ ಕಂಪನಿ ಹೆಸರೇ ಹೇಳಿ ಸಾರ್, ಸುಳ್ಳೇನಲ್ಲ. ಅಲ್ಲೇ ತಾನೆ ಕೂತು ಕೆಲಸ ಮಾಡೋದು? ಬಯೋಡೇಟಾದಲ್ಲಿ ಮಾತ್ರ ಏಜೆನ್ಸಿಯ ಹೆಸರು ಬರೆದು, ಇಂಥ ಕಂಪನಿಗೆ ನಿಯೋಜನೆ ಅಂತ ಕೆಳಗೆ ಹಾಕಲಿ. ಮುಂದಿನ ಕೆಲಸದವರು ಅವಳ ಪಿಎಫ್ ದಾಖಲೆ ತೆಗೆದು ನೋಡ್ತಾರೆ. ಅಲ್ಲಿ ಇರೋದು ಏಜೆನ್ಸಿ ಹೆಸರೇ.”